ಮೂವತ್ತನೇ ಸೆಕೆಂಡಿನಲ್ಲಿ ಎದ್ದುಹೋದವರು

ಕಳೆದ ವಾರ ತುಮಕೂರು ಸೀಮೆಯ ಒಂದು ಪದವಿ ಕಾಲೇಜಿನ ಮಾಧ್ಯಮ ಸಂಘದವರು ಏರ್ಪಡಿಸಿದ್ದ ಮಾತುಕತೆಗೆ ಹೋಗಿದ್ದೆ. ಮಾತಾಡಲು ಬಂದಿದ್ದವರು ಯೂಟ್ಯೂಬಿನಲ್ಲಿ ಕನ್ನಡ ಚಾನೆಲ್ ನಡೆಸುವ ಹೆಣ್ಣುಮಗಳು. ಪಹಣಿ, ಪೋಡಿ, ಖಾತೆ, ಮ್ಯುಟೇಶನ್ ಎಂದರೆ ತಲೆ ಕೆರೆದುಕೊಳ್ಳುವ ರೈತರಿಗೆ ಆ ಕಾಗದಗಳನ್ನು ಓದುವುದನ್ನು ಹೇಳಿಕೊಡುವುದು ಅವರ ಕೆಲಸ. ಸಂಘದ ಹುಡುಗರು ಕೇಳಿಕೊಂಡಿದ್ದ ವಿಷಯ, ವಿಡಿಯೊ ಗೆಲ್ಲಿಸುವುದು ಹೇಗೆ ಎಂಬುದು. ಆಕೆ ವೇದಿಕೆಗೆ ಬಂದು ಪ್ರೊಜೆಕ್ಟರ್ ಹಚ್ಚಿ, ಪರದೆಯ ಮೇಲೆ ತಮ್ಮ ಸೋತ ವಿಡಿಯೊ ಒಂದನ್ನು ತೆರೆದಿಟ್ಟರು. "ಗೆದ್ದ ವಿಡಿಯೊ ಯಾಕೆ ಗೆದ್ದಿತು ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಇದು ಎಲ್ಲಿ ಸೋತಿತು ಅಂತ ಸೆಕೆಂಡಿನ ಲೆಕ್ಕದಲ್ಲಿ ಹೇಳಬಲ್ಲೆ" ಎಂದರು.

ಆ ಮಾತು ನನ್ನನ್ನು ಹಿಡಿದು ಕೂರಿಸಿತು. ಪತ್ರಿಕೆಗೆ ಬರೆಯುವವರಿಗೆ ಓದುಗ ಯಾವ ಸಾಲಿನಲ್ಲಿ ಪುಟ ಮಗುಚಿದ ಎಂಬುದು ಎಂದೂ ತಿಳಿಯುವುದಿಲ್ಲ. ತಿಂಗಳಿಗೊಂದು ಪತ್ರ ಬಂದರೆ ಅದೇ ನಮಗೆ ಸಿಗುವ ಸಾಕ್ಷಿ. ವಿಡಿಯೊ ಮಾಡುವವರಿಗೆ ಆ ಸಾಲು, ಆ ಕ್ಷಣ ತಿಳಿಯುತ್ತದೆ. ಅದನ್ನು ಓದುವುದಕ್ಕೆ ಕಲಿಯಬೇಕು, ಅಷ್ಟೇ. ಆಕೆ ಎರಡು ಗಂಟೆ ಹೇಳಿಕೊಟ್ಟದ್ದು ಆ ಓದನ್ನೇ.

ಸೋತ ವಿಡಿಯೊದ ಹೆಸರು "ಪಹಣಿ: ಸಂಪೂರ್ಣ ಮಾಹಿತಿ". ಉದ್ದ 12 ನಿಮಿಷ. ಹಾಕಿದ 28 ದಿನಗಳಲ್ಲಿ 1,400 ವೀಕ್ಷಣೆ. ಅದೇ ಅವಧಿಯಲ್ಲಿ ಆಕೆಯ ಬೇರೆ ವಿಡಿಯೊಗಳು 6,000ದ ಆಸುಪಾಸು ಮುಟ್ಟುತ್ತಿದ್ದವು. (ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಕೊಂಚ ದುಂಡು ಮಾಡಿಕೊಂಡಿದ್ದೇನೆ ಎಂದು ಮೊದಲೇ ಹೇಳಿದರು.) ವಿಡಿಯೊ ಹಾಕಿದವರಿಗೆ ಯೂಟ್ಯೂಬ್ ಸ್ಟುಡಿಯೊ ಎಂಬ ಒಳಮನೆ ಇರುತ್ತದೆ. ಅಲ್ಲಿ ಹೊಸ ವಿಡಿಯೊವನ್ನು ಅದರ ಹಿಂದಿನವುಗಳ ಜೊತೆ ಹೋಲಿಸಿ ಹತ್ತರಲ್ಲಿ ಎಷ್ಟನೆಯದು ಎಂದು ತೋರಿಸುತ್ತಾರೆ. ಇದು ಹತ್ತರಲ್ಲಿ ಹತ್ತನೆಯದು. ಅದನ್ನು ಕಂಡ ರಾತ್ರಿ ಅಳು ಬಂತು ಎಂದು ಆಕೆ ಮುಚ್ಚುಮರೆ ಇಲ್ಲದೆ ಹೇಳಿದರು. ಅಳುವಿನ ಜೊತೆಗೆ ಒಂದು ತೀರ್ಪೂ ಬಂದಿತ್ತಂತೆ: ಜನಕ್ಕೆ ಪಹಣಿ ಬೇಡ, ವಿಷಯವೇ ಸರಿಯಿಲ್ಲ. ಆ ತೀರ್ಪು ಎಷ್ಟು ತಪ್ಪಾಗಿತ್ತು ಎಂಬುದೇ ಮುಂದಿನ ಕಥೆ.

ನನಗೆ ಕೇಳುತ್ತ ಕೇಳುತ್ತ ಕಂಪನಿ ನಾಟಕದ ನೆನಪಾಯಿತು. ಊರಿಗೆ ಟೆಂಟು ಬಂದಾಗ ಮೊದಲು ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ. ಪೋಸ್ಟರ್ ಎಷ್ಟು ಜನರ ಕಣ್ಣಿಗೆ ಬಿತ್ತು ಎಂಬುದು ಒಂದು ಲೆಕ್ಕ, ಅದನ್ನು ಕಂಡವರಲ್ಲಿ ಎಷ್ಟು ಜನ ಟಿಕೆಟ್ ಕೊಂಡರು ಎಂಬುದು ಇನ್ನೊಂದು, ಒಳಗೆ ಕೂತವರು ಯಾವ ಸೀನಿನಲ್ಲಿ ಎದ್ದುಹೋದರು ಎಂಬುದು ಮೂರನೆಯದು. ಟೆಂಟು ಖಾಲಿ ಹೊಡೆಯುತ್ತಿದ್ದರೆ ತಪ್ಪು ಈ ಮೂರರಲ್ಲಿ ಎಲ್ಲಾದರೂ ಇರಬಹುದು. ಒಂದೊಂದರ ಮದ್ದೂ ಬೇರೆ. ವೀಕ್ಷಣೆ ಕಡಿಮೆ ಎಂಬ ಒಂದೇ ಅಂಕಿ ಹಿಡಿದು ಕೂತರೆ ಯಾವ ಮದ್ದು ಎಂದು ತಿಳಿಯುವುದಿಲ್ಲ.

ಪೋಸ್ಟರಿನ ಲೆಕ್ಕಕ್ಕೆ ಯೂಟ್ಯೂಬಿನಲ್ಲಿ ಇಂಪ್ರೆಷನ್ ಎನ್ನುತ್ತಾರೆ. ವಿಡಿಯೊದ ಥಂಬ್‌ನೇಲ್, ಅಂದರೆ ಮುಖಚಿತ್ರ, ನೋಡುಗನ ಪರದೆಯಲ್ಲಿ ಅರ್ಧಕ್ಕಿಂತ ಕಡಿಮೆಯಾಗದಂತೆ, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಂಡರೆ ಅದು ಒಂದು ಇಂಪ್ರೆಷನ್. ಹೆಬ್ಬೆರಳಿನಿಂದ ಸರ್ರನೆ ಸರಿಸಿಬಿಟ್ಟರೆ ಲೆಕ್ಕಕ್ಕಿಲ್ಲ. ವಾಟ್ಸ್ಆ್ಯಪಿನಲ್ಲಿ ಯಾರೋ ಕಳಿಸಿದ ಲಿಂಕು, ಬೇರೆ ಜಾಲತಾಣದಲ್ಲಿ ಹುದುಗಿಸಿದ ವಿಡಿಯೊ, ಫೋನಿಗೆ ಬರುವ ನೋಟಿಫಿಕೇಶನ್, ಇವು ಯಾವುವೂ ಇದರಲ್ಲಿ ಸೇರುವುದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ ಎಂದು ಆಕೆ ಬೆರಳೆತ್ತಿ ಹೇಳಿದ್ದು ಯಾಕೆಂದು ಆಮೇಲೆ ಗೊತ್ತಾಯಿತು.

ಪಹಣಿ ವಿಡಿಯೊಗೆ 20,000 ಇಂಪ್ರೆಷನ್ ಸಿಕ್ಕಿದ್ದವು. ಅದರಿಂದ ಬಂದ ವೀಕ್ಷಣೆ 1,000. ಅಂದರೆ ಪೋಸ್ಟರ್ ಕಂಡ ನೂರು ಸಲದಲ್ಲಿ ಐದು ಸಲ ಯಾರೋ ಒಳಗೆ ಬಂದರು. ಈ ಶೇ 5 ಒಳ್ಳೆಯದೋ ಕೆಟ್ಟದ್ದೋ? ಯೂಟ್ಯೂಬೇ ತನ್ನ ಸಹಾಯ ಪುಟದಲ್ಲಿ ಹೇಳುವ ಪ್ರಕಾರ ಅರ್ಧದಷ್ಟು ಚಾನೆಲ್ಲು ಮತ್ತು ವಿಡಿಯೊಗಳ ಕ್ಲಿಕ್ ಪ್ರಮಾಣ ಶೇ 2ರಿಂದ 10ರ ನಡುವೆ ಇರುತ್ತದೆ. ಇಷ್ಟು ಅಗಲದ ಗಡಿಯಿಂದ ಏನೂ ತೀರ್ಮಾನಿಸಲಾಗದು. ಆಕೆ ನೋಡಿದ್ದು ತಮ್ಮದೇ ಹಿಂದಿನ ಹತ್ತು ವಿಡಿಯೊಗಳನ್ನು. ಅವೂ ಶೇ 5ರ ಅಕ್ಕಪಕ್ಕವೇ ಇದ್ದವು. ಹಾಗಾದರೆ ಮುಖಚಿತ್ರ ಸರಿಯಿತ್ತು, ಶೀರ್ಷಿಕೆ ಸರಿಯಿತ್ತು, ಪಹಣಿಯ ಬಗ್ಗೆ ತಿಳಿಯಬೇಕೆಂಬ ಆಸೆಯೂ ಜನರಿಗೆ ಇತ್ತು. "ವಿಷಯವೇ ಬೇಡ" ಎಂಬ ಆ ರಾತ್ರಿಯ ತೀರ್ಪು ಇಲ್ಲಿಗೇ ಬಿದ್ದುಹೋಯಿತು.

ಇನ್ನೊಂದನ್ನು ಗಮನಿಸಿ ಎಂದು ದಿನವಾರು ಗೆರೆ ತೋರಿಸಿದರು. ಆ 20,000ದಲ್ಲಿ 14,000 ಮೊದಲ ನಾಲ್ಕು ದಿನಗಳಲ್ಲೇ ಬಂದಿದ್ದವು. ಆಮೇಲೆ ಪೋಸ್ಟರ್ ಅಂಟಿಸುವುದನ್ನೇ ನಿಲ್ಲಿಸಿದ ಹಾಗೆ ಗೆರೆ ನೆಲಕ್ಕಿಳಿದಿತ್ತು. ಇದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 2012ರ ತನಕ ಯೂಟ್ಯೂಬ್ ಹೆಚ್ಚಾಗಿ ಕ್ಲಿಕ್ಕು ಮತ್ತು ವೀಕ್ಷಣೆಯ ಎಣಿಕೆ ನೋಡಿ ವಿಡಿಯೊಗಳನ್ನು ಮುಂದೆ ತಳ್ಳುತ್ತಿತ್ತು. ಆಸೆ ಹುಟ್ಟಿಸುವ ಮುಖಚಿತ್ರ ಹಾಕಿ ಒಳಗೆ ಏನೂ ಇಡದವರು ಇದರಿಂದ ಮೇಲೆ ಬಂದರು. ಆ ವರ್ಷ ಕಂಪನಿಯು ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ತೂಕ ಕೊಡಲು ಶುರುಮಾಡಿತು. 2016ರಲ್ಲಿ ಅದರ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ಕ್ಲಿಕ್ಕನ್ನು ನೆಚ್ಚಿ ಸಾಲು ಹಚ್ಚಿದರೆ ಜನ ಪೂರ್ತಿ ನೋಡದ ಮೋಸದ ವಿಡಿಯೊಗಳೇ ಮುಂದೆ ಬರುತ್ತವೆ, ನೋಡಬಹುದಾದ ಹೊತ್ತನ್ನು ಅಂದಾಜಿಸಿ ಸಾಲು ಹಚ್ಚುವುದು ಮೇಲು ಎಂದು. ಈಗ ಇದರ ಜೊತೆಗೆ ನೋಡುಗರ ಸಮೀಕ್ಷೆ, ಲೈಕು, ಡಿಸ್‌ಲೈಕು, ಹಂಚಿಕೆಯಂಥವೂ ಸೇರಿವೆ. ಒಟ್ಟಿನಲ್ಲಿ ಒಳಗೆ ಬಂದವರು ಕೂರದೆ ಎದ್ದು ಹೋಗುತ್ತಿದ್ದರೆ ಪೋಸ್ಟರ್ ಅಂಟಿಸುವ ಕೈ ನಿಧಾನವಾಗುತ್ತದೆ. ನಾಲ್ಕನೇ ದಿನದ ಆ ಇಳಿತಕ್ಕೆ ಕಾರಣವನ್ನು ಟೆಂಟಿನ ಒಳಗೇ ಹುಡುಕಬೇಕಿತ್ತು.

ಅಲ್ಲಿಂದ ಆಕೆ ರಿಟೆನ್ಷನ್ ಗೆರೆಗೆ ಬಂದರು. ಇಡೀ ಸಂಜೆಯ ಜೀವ ಇದ್ದದ್ದು ಇಲ್ಲಿ.

ಗೆರೆಯನ್ನು ಓದುವುದು ಕಷ್ಟವಲ್ಲ. ಅಡ್ಡಕ್ಕೆ ವಿಡಿಯೊದ ಸಮಯ, ಉದ್ದಕ್ಕೆ ಆ ಕ್ಷಣವನ್ನು ನೋಡಿದವರು ಶೇಕಡಾ ಎಷ್ಟು ಎಂಬುದು. ಶುರುವಿನಲ್ಲಿ ನೂರು ಇರುತ್ತದೆ, ಆಮೇಲೆ ಇಳಿಯುತ್ತದೆ. ಎಲ್ಲ ವಿಡಿಯೊಗಳದ್ದೂ ಇಳಿಯುತ್ತದೆ, ಇಳಿಯುವುದೇ ತಪ್ಪಲ್ಲ. ಎಲ್ಲಿ ಕಡಿದಾಗಿ ಇಳಿಯಿತು, ಎಲ್ಲಿ ಸಮನಾಗಿ ಹೋಯಿತು, ಎಲ್ಲಾದರೂ ಏರಿತೇ ಎಂಬುದನ್ನು ನೋಡಬೇಕು. ಏರುವುದು ಹೇಗೆ ಸಾಧ್ಯ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಜನ ಹಿಂದಕ್ಕೆ ಎಳೆದು ಮತ್ತೆ ನೋಡಿದರೆ, ಅಥವಾ ಮುಂದಕ್ಕೆ ಜಿಗಿದು ಅಲ್ಲಿಗೇ ಬಂದು ಇಳಿದರೆ, ಆ ಜಾಗದ ಎಣಿಕೆ ಏರುತ್ತದೆ. ಈ ಗೆರೆ ಸಿದ್ಧವಾಗಲು ಒಂದೆರಡು ದಿನ ಬೇಕು. ಮೊದಲ ರಾತ್ರಿ ಎದ್ದೆದ್ದು ನೋಡುವವರಿಗೆ ಅಲ್ಲಿ ಓದಲು ಏನೂ ಇರುವುದಿಲ್ಲ.

ಪಹಣಿ ವಿಡಿಯೊದ ಗೆರೆ ಹೀಗಿತ್ತು. ಮೂವತ್ತನೇ ಸೆಕೆಂಡಿಗೆ ಉಳಿದವರು ಶೇ 45. ಆಕೆಯ ಬೇರೆ ವಿಡಿಯೊಗಳಲ್ಲಿ ಅದೇ ಹೊತ್ತಿಗೆ ಶೇ 65 ಉಳಿಯುತ್ತಿದ್ದರು. ಅಲ್ಲಿಂದ 3 ನಿಮಿಷ 20 ಸೆಕೆಂಡಿಗೆ ಬರುವಾಗ ಶೇ 18. ಆಮೇಲೆ ಗೆರೆ ಹೆಚ್ಚು ಕಡಿಮೆ ಸಮತಟ್ಟು: 6 ನಿಮಿಷ 10 ಸೆಕೆಂಡಿಗೆ ಶೇ 15. ಅಲ್ಲಿ ಇದ್ದಕ್ಕಿದ್ದ ಹಾಗೆ ಶೇ 28ಕ್ಕೆ ಒಂದು ಗುಡ್ಡ. ಗುಡ್ಡ ಇಳಿದ ಮೇಲೆ ಶೇ 14, ಕೊನೆಗೆ ಶೇ 7. ಸರಾಸರಿ ನೋಡಿದ ಹೊತ್ತು 2 ನಿಮಿಷ 20 ಸೆಕೆಂಡು.

ಆಕೆ ಹುಡುಗರಿಗೆ ಮಾಡಿಸಿದ ಮೊದಲ ಕೆಲಸ, ಗೆರೆಯನ್ನು ಬಿಟ್ಟು ವಿಡಿಯೊವನ್ನೇ ಗಡಿಯಾರ ಹಿಡಿದು ನೋಡುವುದು. ಮೊದಲ 8 ಸೆಕೆಂಡು ಸಂಗೀತದ ಜೊತೆ ತಿರುಗುವ ಲೋಗೊ. 22ರ ತನಕ ನಮಸ್ಕಾರ, ಸಬ್‌ಸ್ಕ್ರೈಬ್ ಮಾಡಿ ಎಂಬ ಬಿನ್ನಹ. ಆಮೇಲೆ ಪಹಣಿ ಎಷ್ಟು ಮುಖ್ಯವಾದ ದಾಖಲೆ ಎಂಬ ಮಾತು. 40ನೇ ಸೆಕೆಂಡಿನಿಂದ 3 ನಿಮಿಷ 20ರ ತನಕ ಹಳೆಯ ಸರ್ವೆಯಿಂದ ಹಿಡಿದು ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ ತನಕದ ಚರಿತ್ರೆ. ಪಹಣಿಯ ಕಾಲಂಗಳನ್ನು ಓದುವುದು ಶುರುವಾಗುವುದು ಆಮೇಲೆ. ಅಂದರೆ ಪಹಣಿ ಓದುವುದನ್ನು ಕಲಿಯಲು ಬಂದ 1,400 ಸಲದಲ್ಲಿ, ಓದು ಶುರುವಾಗುವ ತನಕ ಉಳಿದದ್ದು ಸುಮಾರು 250 ಮಾತ್ರ. ಆ 250ರಲ್ಲಿ ಹೆಚ್ಚಿನವರು ಮುಂದಿನ ಮೂರು ನಿಮಿಷ ಕದಲದೆ ಕೂತಿದ್ದರು. ಆ ಸಮತಟ್ಟು ಗೆರೆ ಹೇಳುತ್ತಿದ್ದದ್ದು ಇದನ್ನೇ. ಪಾಠ ಚೆನ್ನಾಗಿಯೇ ಇತ್ತು, ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದರು.

ಒಬ್ಬ ಹುಡುಗಿ ಎದ್ದು, "ಮೇಡಂ, ಲೋಗೊ ಮತ್ತೆ ಸಬ್‌ಸ್ಕ್ರೈಬ್ ಮಾತಿನಿಂದಲೇ ಜನ ಹೋಗಿರೋದು, ಅದನ್ನ ತೆಗೆದುಬಿಡಬೇಕಿತ್ತು" ಎಂದಳು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಆಕೆ ಒಂದು ಪ್ರಶ್ನೆ ಹಾಕಿದರು: "ಅದೇ ಲೋಗೊ, ಅದೇ ನಮಸ್ಕಾರ ನನ್ನ ಹಿಂದಿನ ಹತ್ತೂ ವಿಡಿಯೊಗಳಲ್ಲಿ ಇತ್ತು. ಅಲ್ಲಿ 65 ಜನ ಉಳಿದರಲ್ಲ, ಇಲ್ಲಿ 45 ಯಾಕೆ?" ಎಲ್ಲದರಲ್ಲೂ ಇರುವ ದೋಷದಿಂದ ಒಂದರಲ್ಲಿ ಮಾತ್ರ ಕಂಡ ಕುಸಿತವನ್ನು ವಿವರಿಸಲಾಗದು. ಲೋಗೊ ಕೆಟ್ಟದ್ದೇ ಇರಬಹುದು, ಆ ವಿಚಾರಣೆ ಬೇರೆ. 65ರಿಂದ 45ಕ್ಕೆ ಇಳಿದದ್ದಕ್ಕೆ ಈ ವಿಡಿಯೊದಲ್ಲಿ ಮಾತ್ರ ಇದ್ದದ್ದೇನು ಎಂದು ಹುಡುಕಬೇಕು. ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಯುವ ಚರ್ಚೆಗಳಲ್ಲಿ, ಯೂಟ್ಯೂಬಿನದಿರಲಿ ಪರೀಕ್ಷೆಯ ಫಲಿತಾಂಶದ್ದಿರಲಿ, ಈ ಒಂದು ಪ್ರಶ್ನೆ ಕೇಳುವವರು ಎಷ್ಟು ವಿರಳ ಎಂದು ನನಗೆ ಆಗ ಅನ್ನಿಸಿತು.

ಹುಡುಕಲು ಆಕೆ ವೀಕ್ಷಣೆಗಳನ್ನು ಬಂದ ದಾರಿಯ ಪ್ರಕಾರ ಒಡೆದರು. ಸ್ಟುಡಿಯೊದಲ್ಲಿ ಇದಕ್ಕೆ ಟ್ರಾಫಿಕ್ ಮೂಲ ಎನ್ನುತ್ತಾರೆ. ಹುಡುಕಾಟದ ಪೆಟ್ಟಿಗೆಯಲ್ಲಿ "ಪಹಣಿ" ಎಂದೋ "ಆರ್‌ಟಿಸಿ" ಎಂದೋ ಬರೆದು ಬಂದವರು 300. ಯೂಟ್ಯೂಬಿನ ಮುಖಪುಟ ಮತ್ತು ಪಕ್ಕದ ಸಲಹೆಗಳಿಂದ ಬಂದವರು 700. ಉಳಿದ 400 ಹೊರಗಿನಿಂದ, ಅದರಲ್ಲೂ ಬಹುಪಾಲು ವಾಟ್ಸ್ಆ್ಯಪಿನಿಂದ. ಹುಡುಕಿ ಬಂದವರು ಸರಾಸರಿ 4 ನಿಮಿಷ ನೋಡಿದ್ದರು. ಮುಖಪುಟದವರು 2 ನಿಮಿಷ 10 ಸೆಕೆಂಡು. ವಾಟ್ಸ್ಆ್ಯಪಿನವರು 1 ನಿಮಿಷ 20 ಸೆಕೆಂಡು. ಇವು ಮೂರನ್ನೂ ಕಲಸಿದಾಗ ಬರುವುದೇ ಆ 2 ನಿಮಿಷ 20. ಅದು ಮೂರು ಬೇರೆ ಗುಂಪುಗಳ ಕಲಸುಮೇಲೋಗರ.

ಆಕೆಯ ಬೇರೆ ವಿಡಿಯೊಗಳಲ್ಲಿ ಹೊರಗಿನಿಂದ ಬಂದವರು ನೂರಕ್ಕೆ ನಾಲ್ಕೈದು ಮಾತ್ರ. ಇದರಲ್ಲಿ ನೂರಕ್ಕೆ ಇಪ್ಪತ್ತೆಂಟು. ಹೇಗೆ ಬಂದರು? "ನಾನೇ ಕರೆತಂದೆ" ಎಂದರು. ಹತ್ತರಲ್ಲಿ ಹತ್ತು ಎಂದು ಕಂಡ ಆ ರಾತ್ರಿ ಗಾಬರಿಯಾಗಿ ಊರಿನ ಗುಂಪು, ನೆಂಟರ ಗುಂಪು, ಹಳೆಯ ಸಹಪಾಠಿಗಳ ಗುಂಪು ಎಂದು ಸಿಕ್ಕ ಕಡೆಗೆಲ್ಲ ಲಿಂಕು ಕಳಿಸಿದ್ದರಂತೆ. ಹೊಲವೇ ಇಲ್ಲದ ಚಿಕ್ಕಮ್ಮ, ಬೆಂಗಳೂರಿನ ಬಾಡಿಗೆ ಮನೆಯ ಗೆಳತಿ, ಎಲ್ಲರೂ ಪ್ರೀತಿಯಿಂದ ಒತ್ತಿ, ಮುಖ ನೋಡಿ, ಹೊರಟುಹೋದರು. ಇಂಪ್ರೆಷನ್ನಿನ ಲೆಕ್ಕಕ್ಕೆ ಸೇರದ ಇವರು ರಿಟೆನ್ಷನ್ನಿನ ಲೆಕ್ಕಕ್ಕೆ ಸೇರಿಬಿಟ್ಟರು. ಮೂವತ್ತನೇ ಸೆಕೆಂಡಿನ ಆ ಕುಸಿತದಲ್ಲಿ ಒಂದು ಪಾಲು ವಿಡಿಯೊದ ತಪ್ಪಲ್ಲ, ಆ ರಾತ್ರಿಯ ಗಾಬರಿಯದು. ಉಳಿದ ಪಾಲು ಮಾತ್ರ ಆಕೆಯ ನಿರೂಪಣೆಯದು. ಬೇರೆ ವಿಡಿಯೊಗಳಲ್ಲಿ ನಮಸ್ಕಾರ ಮುಗಿದ ಕೂಡಲೇ ಕಾಗದ ಪರದೆಗೆ ಬರುತ್ತಿತ್ತು. ಇದರಲ್ಲಿ ಪಹಣಿಯ ಮಹತ್ವದ ಮೇಲೆ ಭಾಷಣ ಬಂದಿತ್ತು.

ಇನ್ನು ಆ ಗುಡ್ಡ. 6 ನಿಮಿಷ 10ರಲ್ಲಿ ಏನಿತ್ತು? ಪಹಣಿಯ ಹನ್ನೊಂದನೇ ಕಾಲಂ. ಒಂಬತ್ತನೆಯದರಲ್ಲಿ ಮಾಲೀಕರ ಹೆಸರು ಇರುತ್ತದೆ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ. ಹನ್ನೊಂದರಲ್ಲಿ ಜಮೀನಿನ ಮೇಲಿರುವ ಋಣ, ಅಂದರೆ ಯಾವ ಬ್ಯಾಂಕಿನಲ್ಲಿ, ಯಾವ ಸೊಸೈಟಿಯಲ್ಲಿ ಸಾಲ ಇದೆ ಎಂಬುದು ಬರುತ್ತದೆ. ಸಾಲ ತೀರಿಸಿದ ಮೇಲೂ ಅಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದು, ಜಮೀನು ಮಾರಲು ಹೋದಾಗ ಕಾಡುವುದು ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಗುಡ್ಡ ಕಂಡಾಗ ಆಕೆಗೆ ಖುಷಿಯಾಯಿತಂತೆ: ಜನಕ್ಕೆ ಬೇಕಾದದ್ದು ಇದು, ಇದನ್ನೇ ಇಷ್ಟಪಟ್ಟು ಮತ್ತೆ ಮತ್ತೆ ನೋಡಿದ್ದಾರೆ.

ಆದರೆ ಎಣಿಕೆ ಏರಿದರೆ ಇಷ್ಟ ಎಂದೇ ಅರ್ಥವಲ್ಲ. ಅರ್ಥವಾಗದಿದ್ದಾಗಲೂ ಜನ ಹಿಂದಕ್ಕೆ ಎಳೆಯುತ್ತಾರೆ. ಇವೆರಡನ್ನು ಬೇರೆ ಮಾಡುವುದು ಹೇಗೆಂದು ಆಕೆ ತೋರಿಸಿಕೊಟ್ಟದ್ದು ನನಗೆ ಬಹಳ ಹಿಡಿಸಿತು. ಜನ ಬೇರೆಲ್ಲವನ್ನೂ ದಾಟಿ ಇದಕ್ಕಾಗಿಯೇ ಬಂದಿದ್ದರೆ ಗುಡ್ಡ ಹತ್ತಿದ ಮೇಲೂ ಗೆರೆ ಸ್ವಲ್ಪ ಎತ್ತರದಲ್ಲೇ ನಿಲ್ಲಬೇಕು, ಯಾಕೆಂದರೆ ಬಂದವರು ಕೂತು ಕೇಳುತ್ತಾರೆ. ಒಂದು ಚಿತ್ರವನ್ನು ಓದಲಾಗದೆ ಹಿಂದಕ್ಕೆ ಹೋದವರಾದರೆ ಗುಡ್ಡ ಕಿರಿದಾಗಿ, ಆ ಚಿತ್ರ ಬರುವ ಜಾಗದ ಸುತ್ತಲೇ ಅಂಟಿಕೊಂಡಿರುತ್ತದೆ, ಆಮೇಲೆ ಮೊದಲಿನ ಮಟ್ಟಕ್ಕೇ ಇಳಿಯುತ್ತದೆ. ಇಲ್ಲಿ 15 ಇದ್ದದ್ದು 28ಕ್ಕೆ ಹೋಗಿ ಅರ್ಧ ನಿಮಿಷದಲ್ಲಿ 14ಕ್ಕೆ ಮರಳಿತ್ತು. ಅನುಮಾನ ಬಂದು, ತಮ್ಮ ತಂದೆಯ ಸಣ್ಣ ಫೋನಿನಲ್ಲಿ ಆ ಭಾಗವನ್ನು ಹಚ್ಚಿ ನೋಡಿದರು. ಪಹಣಿಯ ಇಡೀ ಹಾಳೆ ನಾಲ್ಕು ಸೆಕೆಂಡು ಬಂದು ಹೋಗುತ್ತಿತ್ತು. ಹನ್ನೊಂದನೇ ಕಾಲಂನ ಅಕ್ಷರ ಇರುವೆಯ ಸಾಲಿನ ಹಾಗಿತ್ತು. ಎಡಿಟ್ ಮಾಡಿದ್ದು ದೊಡ್ಡ ಕಂಪ್ಯೂಟರಿನಲ್ಲಿ, ಆದ್ದರಿಂದ ತಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಾಮೆಂಟುಗಳಲ್ಲೂ ಇಬ್ಬರು "ಅಕ್ಕಾ, 6.15ರಲ್ಲಿ ಏನು ಬರೆದಿದೆ ಕಾಣಿಸ್ತಿಲ್ಲ" ಎಂದು ಮೊದಲ ವಾರವೇ ಬರೆದಿದ್ದರು. ಅದನ್ನು ಓದಿ, ಹಾರ್ಟ್ ಒತ್ತಿ, ಮರೆತಿದ್ದರು.

ಗುಡ್ಡದಲ್ಲಿ ಇಷ್ಟವೂ ಇರಬಹುದು, ತೊಡಕೂ ಇರಬಹುದು. ಗೆರೆ ಜಾಗವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಕಾರಣಕ್ಕೆ ಮನುಷ್ಯರ ಮಾತು ಬೇಕು, ತಂದೆಯ ಫೋನು ಬೇಕು.

ಆಮೇಲೆ ಆಕೆ ಹನ್ನೊಂದನೇ ಕಾಲಂ ಒಂದನ್ನೇ ಹಿಡಿದು "ಸಾಲ ತೀರಿದರೂ ಪಹಣಿಯಲ್ಲಿ ಬ್ಯಾಂಕಿನ ಹೆಸರು ಯಾಕೆ?" ಎಂದು ನಾಲ್ಕೂವರೆ ನಿಮಿಷದ ಹೊಸ ವಿಡಿಯೊ ಮಾಡಿದರು. ಕಾಲಂ ಅನ್ನು ಪರದೆ ತುಂಬ ಹಿಗ್ಗಿಸಿ, ಸಾಲಿಗೊಂದು ಬೆರಳಿಟ್ಟು ಓದಿದರು. ಮೊದಲನೆಯದರಲ್ಲಿ ಜನ ಸರಾಸರಿ ಶೇ 19ರಷ್ಟು ನೋಡಿದ್ದರೆ ಇದರಲ್ಲಿ ಶೇ 55. ಸಭೆ ಚಪ್ಪಾಳೆ ತಟ್ಟಿತು. ಆಕೆ ಕೈಯೆತ್ತಿ ನಿಲ್ಲಿಸಿ, ಶೇಕಡಾವನ್ನು ನಿಮಿಷಕ್ಕೆ ತಿರುಗಿಸಿ ಎಂದರು. 12 ನಿಮಿಷದ ಶೇ 19 ಅಂದರೆ 2 ನಿಮಿಷ 20 ಸೆಕೆಂಡು. ನಾಲ್ಕೂವರೆ ನಿಮಿಷದ ಶೇ 55 ಅಂದರೆ ಸುಮಾರು ಎರಡೂವರೆ ನಿಮಿಷ. ಮೂರು ಪಟ್ಟು ಎಂದು ಕಂಡ ಗೆಲುವು ನಿಮಿಷದ ಲೆಕ್ಕದಲ್ಲಿ ಹತ್ತೇ ಸೆಕೆಂಡು! ಉದ್ದ ಬೇರೆಯಾದ ಎರಡು ವಿಡಿಯೊಗಳ ಶೇಕಡಾವನ್ನು ಪಕ್ಕಪಕ್ಕ ಇಟ್ಟರೆ ಗಿಡ್ಡದ್ದು ಸಾಮಾನ್ಯವಾಗಿ ಗೆದ್ದ ಹಾಗೆ ಕಾಣುತ್ತದೆ. ನಿಜವಾಗಿ ಬದಲಾದದ್ದು ಮೂವತ್ತನೇ ಸೆಕೆಂಡು. ಅಲ್ಲಿ 45 ಇದ್ದದ್ದು 68 ಆಗಿತ್ತು, ಗುಂಪುಗಳಿಗೆ ಲಿಂಕನ್ನೂ ಕಳಿಸಿರಲಿಲ್ಲ. ಹೋಲಿಸುವುದಾದರೆ ಒಂದೇ ಜಾಗವನ್ನು ಹೋಲಿಸಬೇಕು, ಮೂವತ್ತನೇ ಸೆಕೆಂಡಿಗೆ ಮೂವತ್ತನೇ ಸೆಕೆಂಡು.

ಲೋಗೊ ಪ್ರಶ್ನೆ ಕೇಳಿದ್ದ ಹುಡುಗಿ ಬಿಡಲಿಲ್ಲ. ಶೀರ್ಷಿಕೆ ಬದಲಾಯಿತು, ಉದ್ದ ಬದಲಾಯಿತು, ಶುರು ಬದಲಾಯಿತು, ಇವುಗಳಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಕೇಳಿದಳು. "ಗೊತ್ತಿಲ್ಲ. ಮೂರನ್ನೂ ಒಟ್ಟಿಗೆ ಬದಲಿಸಿದ್ದು ನನ್ನ ತಪ್ಪು" ಎಂದರು ಆಕೆ. ಆಮೇಲಿನ ಮೂರು ವಿಡಿಯೊಗಳಲ್ಲಿ ಉಳಿದದ್ದನ್ನೆಲ್ಲ ಎಂದಿನಂತೆ ಇಟ್ಟು ಲೋಗೊ ಒಂದನ್ನು ಮಾತ್ರ ಕೈಬಿಟ್ಟರಂತೆ. ಮೂವತ್ತನೇ ಸೆಕೆಂಡಿನ ಅಂಕಿ ಮೂರರಲ್ಲೂ 65ರ ಆಸುಪಾಸಿನಿಂದ 70ರ ಆಚೀಚೆಗೆ ಸರಿದಿತ್ತು. ಒಂದರಲ್ಲಿ ಮಾತ್ರ ಹಾಗಾಗಿದ್ದರೆ ನಂಬುತ್ತಿರಲಿಲ್ಲ ಎಂದರು. ಮುಖಚಿತ್ರಕ್ಕಾದರೆ ಇಂಥ ಪರೀಕ್ಷೆಯನ್ನು ಯೂಟ್ಯೂಬೇ ಮಾಡಿಕೊಡುತ್ತದೆ. ಮೂರು ಚಿತ್ರಗಳ ತನಕ ಕೊಟ್ಟರೆ ಬೇರೆ ಬೇರೆ ನೋಡುಗರಿಗೆ ಒಂದೊಂದನ್ನು ತೋರಿಸಿ ಗೆದ್ದದ್ದನ್ನು ಹೇಳುತ್ತದೆ. ಅಲ್ಲಿಯೂ ಗೆಲುವನ್ನು ಅಳೆಯುವುದು ಕ್ಲಿಕ್ಕಿನಿಂದಲ್ಲ, ಆ ಚಿತ್ರ ನೋಡಿ ಬಂದವರು ಕೂತ ಹೊತ್ತಿನಿಂದ.

ಸಣ್ಣ ಚಾನೆಲ್ಲಿನವರಿಗೆ ಆಕೆ ಕೊಟ್ಟ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಒಬ್ಬ ಹುಡುಗ ತನ್ನ ಒಂದು ವಿಡಿಯೊದ ಕ್ಲಿಕ್ ಪ್ರಮಾಣ ಶೇ 6, ಇನ್ನೊಂದರದ್ದು ಶೇ 4, ಹಾಗಾಗಿ ಹಳದಿ ಅಕ್ಷರದ ಮುಖಚಿತ್ರವೇ ಒಳ್ಳೆಯದು ಎಂದ. ಇಂಪ್ರೆಷನ್ ಎಷ್ಟು ಎಂದು ಕೇಳಿದರೆ ಎರಡಕ್ಕೂ ನೂರು ನೂರು. ಅಂದರೆ ಆರು ಜನ ಮತ್ತು ನಾಲ್ಕು ಜನ. ಇಬ್ಬರು ಆ ದಿನ ಬಸ್ಸು ತಪ್ಪಿಸಿಕೊಂಡು ಫೋನು ತೆಗೆದಿದ್ದರೆ ಅಷ್ಟು ವ್ಯತ್ಯಾಸ ಬರುತ್ತದೆ. ಸಾವಿರ ಇಂಪ್ರೆಷನ್ ಇದ್ದಾಗಲೂ ಶೇ 4 ಎಂಬುದು ಬರೀ ಅದೃಷ್ಟದ ಏರುಪೇರಿನಿಂದಲೇ ಮೂರಕ್ಕೂ ಇಳಿಯಬಹುದು, ಐದಕ್ಕೂ ಏರಬಹುದು. ಸಂಖ್ಯಾಶಾಸ್ತ್ರದ ಮೇಷ್ಟರು ಮುಂದಿನ ಸಾಲಿನಲ್ಲಿ ಕೂತಿದ್ದರು. ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದು ಇವತ್ತು ಇವರಿಗೆ ಹೊಳೆಯಿತು ಎಂದು ನನ್ನ ಕಡೆ ತಿರುಗಿ ಸಂತೋಷದಿಂದ ಹೇಳಿದರು.

ನನಗೆ ಒಂದು ಆತಂಕವಿತ್ತು, ಕೇಳಿದೆ. ಹೀಗೆ ಗೆರೆಯನ್ನೇ ನೋಡುತ್ತ ಹೋದರೆ ನಿಧಾನವಾಗಿ ಹೇಳಬೇಕಾದದ್ದನ್ನೆಲ್ಲ ಕತ್ತರಿಸಿಬಿಡುವುದಿಲ್ಲವೇ? ಪಹಣಿಯ ಚರಿತ್ರೆಗೆ ಬೆಲೆಯೇ ಇಲ್ಲವೇ? ಆಕೆ ಸ್ವಲ್ಪ ಹೊತ್ತು ಯೋಚಿಸಿದರು. ಚರಿತ್ರೆಯನ್ನು ಬೇರೆ ವಿಡಿಯೊ ಮಾಡಿ ಹಾಕಿದ್ದಾರಂತೆ, ನೋಡುವವರು ಕಡಿಮೆ, ಆದರೆ ಬಂದವರು ಕೂರುತ್ತಾರೆ, ಯಾಕೆಂದರೆ ಅದಕ್ಕಾಗಿಯೇ ಬಂದಿರುತ್ತಾರೆ. ಆಮೇಲೆ ಇನ್ನೊಂದು ಮಾತು ಹೇಳಿದರು. ಹನ್ನೊಂದನೇ ಕಾಲಂನ ವಿಡಿಯೊದಲ್ಲಿ 3 ನಿಮಿಷದ ಹೊತ್ತಿಗೆ ಗೆರೆ ಕಡಿದಾಗಿ ಇಳಿಯುತ್ತದೆ. ತಾಲ್ಲೂಕು ಕಚೇರಿಗೆ ಯಾವ ಕಾಗದ ಒಯ್ಯಬೇಕು ಎಂದು ಹೇಳಿ ಮುಗಿಸುವುದು ಅಲ್ಲಿ. ಅದನ್ನು ಬರೆದುಕೊಂಡು ಜನ ಏಳುತ್ತಾರೆ. ಆ ಉತ್ತರವನ್ನು ಕೊನೆಗೆ ತಳ್ಳಿದರೆ ಗೆರೆ ಚೆನ್ನಾಗಿ ಕಾಣುತ್ತದೆ ಎಂದು ಆಕೆಗೆ ಗೊತ್ತು. "ಕಚೇರಿ ಬಾಗಿಲಲ್ಲಿ ನಿಂತು ನೋಡ್ತಿರೋರನ್ನ ನಾನು ಕಾಯಿಸಲ್ಲ" ಎಂದರು. ಆ ಇಳಿತವನ್ನು ಹಾಗೇ ಬಿಟ್ಟಿದ್ದಾರೆ.

ಕೊನೆಗೆ ಸಂಘದವರು ತಮ್ಮದೇ ಸೋತ ವಿಡಿಯೊ ತೆರೆದರು. ಕಾಲೇಜಿನ ವಾರ್ಷಿಕೋತ್ಸವದ್ದು, 6 ನಿಮಿಷದ್ದು, 400 ವೀಕ್ಷಣೆ. ಬಹುಪಾಲು ತರಗತಿಯ ವಾಟ್ಸ್ಆ್ಯಪ್ ಗುಂಪುಗಳಿಂದ. ಗೆರೆ ಎಲ್ಲ ಕಡೆ ಜಾರುತ್ತಿತ್ತು, 4 ನಿಮಿಷದ ಹತ್ತಿರ ಮಾತ್ರ ಚೂಪಾದ ಒಂದು ಗುಡ್ಡ. ಹಚ್ಚಿ ನೋಡಿದರೆ, ಮೂವತ್ತು ವರ್ಷ ಗಂಟೆ ಹೊಡೆದು ನಿವೃತ್ತರಾಗುತ್ತಿದ್ದ ಅಟೆಂಡರ್‌ಗೆ ಶಾಲು ಹೊದಿಸಿ ಸನ್ಮಾನಿಸುವ ಎಂಟು ಸೆಕೆಂಡು. ಹುಡುಗರ ಮುಖ ಅರಳಿತು. ಎಲ್ಲರೂ ಅವರನ್ನು ಎಷ್ಟು ಇಷ್ಟಪಡುತ್ತಿದ್ದರು, ಮುಂದಿನ ವಿಡಿಯೊ ಅವರ ಮೇಲೇ ಮಾಡೋಣ ಎಂದು ಗಲಗಲ ಶುರುವಾಯಿತು. ಆಕೆ ತಡೆದರು. ಈ ಸಭೆಯಲ್ಲೇ ಆ ನಾನೂರರಲ್ಲಿ ಕೆಲವರು ಇದ್ದೀರಲ್ಲ, ಇದನ್ನು ಹಿಂದಕ್ಕೆ ಎಳೆದು ನೋಡಿದವರು ಕೈಯೆತ್ತಿ ಎಂದರು. ಅಲ್ಲೊಂದು ಇಲ್ಲೊಂದು ಕೈ ಏಳುತ್ತ ಏಳುತ್ತ ಹದಿನೇಳಾದವು. ಯಾಕೆ ನೋಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಅಟೆಂಡರ್ ಮೈಕು ಹಿಡಿದು ಏನೋ ಎರಡು ಮಾತು ಹೇಳಿದ್ದಾರೆ, ಹಿನ್ನೆಲೆಯ ಸಂಗೀತದಲ್ಲಿ ಅದು ಮುಚ್ಚಿಹೋಗಿದೆ, ಹನ್ನೊಂದು ಜನ ಎಳೆದದ್ದು ಆ ಮಾತು ಕೇಳಿಸಿಕೊಳ್ಳಲು. ಎಡಿಟ್ ಮಾಡಿದ್ದ ಹುಡುಗ ಎದ್ದು, ಸಂಗೀತ ಸೇರಿಸದ ಮೂಲ ಫೈಲು ತನ್ನ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಇದೆ ಎಂದು ಹೇಳಿ ಹಾಸ್ಟೆಲ್ಲಿನ ಕಡೆ ಓಡಿದ.